ಕಾಂಪೌಂಡಿನಾಚೆಯ ಮದುಮಗಳಿಗೆ

ಏ ಮದುಮಗಳೇ, ಸ್ವಲ್ಪ ಈ ಕಡೆ ಬಾರೇ. ಹುಟ್ಟುಹಬ್ಬದ ಶುಭಾಶಯ! ನಾಳಿದ್ದು ಧಾರೆ ಇಟ್ಕೊಂಡು ಇವತ್ತು ಹುಟ್ಟುಹಬ್ಬ ಮಾಡ್ಕೊಳ್ಳೋಳು ನೀನೊಬ್ಬಳೇ. ಕೇಕ್ ತರೋಣ ಅಂದ್ರೆ ನಿಮ್ಮಮ್ಮ, "ಮದುವೆ ಮನೇಲಿ ದೀಪ ಆರಿಸ್ತಾರೇನೇ?" ಅಂತ ಗದರಿದರು. ಅದಕ್ಕೇ ಗಸಗಸೆ ಪಾಯಸ ತಂದಿದ್ದೀನಿ. ಮದರಂಗಿ ಇನ್ನೂ ಹಸೀ ಇದೆಯಲ್ಲ, ಮುಟ್ಟಬೇಡ. ಲೋಟ ನಾನೇ ಹಿಡೀತೀನಿ, ಬಾಯಿ ಇಡು. ಮೆಲ್ಲಗೆ, ಬಿಸಿ ಇದೆ!

ಇನ್ನು ಉಡುಗೊರೆ. ದುಡ್ಡಿನದಲ್ಲ, ಬುದ್ಧಿಮಾತಿನದು. ಜೀರಿಗೆ ಬೆಲ್ಲ ಕೈಗೆ ಕೊಟ್ಟಾಗ ಮುಷ್ಟಿ ಬಿಗಿಯಬೇಡ. ವೈಶಾಖದ ಸೆಖೆಗೆ ಅಂಗೈಯಲ್ಲೇ ಕರಗಿ ಮೊಣಕೈಗೆ ಇಳಿಯುತ್ತೆ. ವೀಳ್ಯದೆಲೆ ಮೇಲೇ ಇರಲಿ. ಅಂತರಪಟ ಸರಿದ ತಕ್ಷಣ ಅವನ ತಲೆ ಮೇಲೆ ಅಮುಕಿಬಿಡು. ಮೊದಲು ಹಾಕಿದವರದೇ ಮನೇಲಿ ದರ್ಬಾರಂತೆ. ಹುಡುಗ ಉದ್ದ ಇದ್ದಾನೆ, ಅವನ ಕಡೆಯವರು ಎತ್ತಿ ಹಿಡಿದರೆ ನಿನಗೆ ಕಿವಿಯೂ ಸಿಗಲ್ಲ. ನಿಮ್ಮ ಸೋದರಮಾವನಿಗೆ ಈಗಲೇ ಹೇಳಿಟ್ಟಿದ್ದೀನಿ, ನಿನ್ನ ಎತ್ತೋಕೆ. "ಸೊಂಟ ಹಿಡ್ಕೊಂಡ್ರೆ?" ಅಂದರು. ಅಮೃತಾಂಜನ ನಾನು ತರ್ತೀನಿ ಅಂದೆ.

ಆಮೇಲೆ ಅರುಂಧತಿ. ಹಗಲು ಮುಹೂರ್ತ, ಪುರೋಹಿತರು ನೆತ್ತಿ ಸುಡೋ ಬಿಸಿಲಲ್ಲಿ ಆಕಾಶಕ್ಕೆ ಬೆರಳು ತೋರಿಸ್ತಾರೆ, ಕಂಡಿತಾ ಅಂತಾರೆ, ನೀನೂ ಹೂಂ ಅಂತೀಯ. ಸುಳ್ಳಿನಿಂದ ಸಂಸಾರ ಶುರು ಮಾಡೋದ್ಯಾಕೆ? ಇವತ್ತು ರಾತ್ರಿ ಒಂಬತ್ತಕ್ಕೆ ತಾರಸಿಗೆ ಬಾ, ಉತ್ತರಕ್ಕೆ ತಿರುಗಿ ನಿಲ್ಲು. ಸಪ್ತರ್ಷಿ ಮಂಡಲದ ಬಾಲದಲ್ಲಿ ಮೂರು ನಕ್ಷತ್ರ ಇದೆಯಲ್ಲ, ಅದರಲ್ಲಿ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡಂಗೆ ಒಂದು ಮಂಕು ಚುಕ್ಕಿ ಇದೆ, ಅದೇ ಅರುಂಧತಿ. ತಕ್ಷಣ ಕಾಣಲ್ಲ, ಬೀದಿದೀಪಕ್ಕೆ ಬೆನ್ನು ಹಾಕಿ, ಕಣ್ಣು ಕತ್ತಲಿಗೆ ಹೊಂದೋವರೆಗೂ ತಾಳ್ಮೆಯಿಂದ ನೋಡಬೇಕು. ಎರಡೂ ಆಕಾಶದಲ್ಲಿ ಒಂದೇ ದಿಕ್ಕಿಗೆ ಜೊತೆಯಾಗಿ ಸಾಗ್ತಿವೆಯಂತೆ. ಒಂದರ ಸುತ್ತ ಇನ್ನೊಂದು ಗಿರಕಿ ಹೊಡೀಬೇಕು ಅಂತೇನಿಲ್ಲ, ಜೊತೆಗೆ ಹೋದರೆ ಸಾಕು. ನಿನಗೂ ಅಂಥಾ ಜೊತೆಯೇ ಸಿಗಲಿ ಕಣೇ.

ನಗಬೇಡ, ಈಗ ನಿಜವಾಗಿ ಹೇಳ್ತಿದ್ದೀನಿ. ಅಪ್ಪ ಆಸ್ಪತ್ರೇಲಿದ್ದಾಗ ನಾವೆಲ್ಲ ಅಲ್ಲೇ ಇದ್ವಿ. ಮನೇಲಿ ಅಜ್ಜಿಗೆ ಮೊಸರನ್ನ ಕಲಸಿ ತಿನ್ನಿಸ್ತಿದ್ದವಳು ನೀನು. ಕಣ್ಣು ಕಾಣದ ಅಜ್ಜಿ ನನ್ನ ಹೆಸರು ಹಿಡಿದು ಕರೆದರೆ ನೀನು "ಹೂಂ ಅಜ್ಜಿ" ಅಂತಿದ್ದೆಯಂತೆ, ಒಂದು ಸಲವೂ ತಿದ್ದಲಿಲ್ಲವಂತೆ. ನೀನಾಗಿ ನನಗಿದನ್ನ ಹೇಳಲೇ ಇಲ್ಲ. ನಿಮ್ಮಮ್ಮ ಹೇಳಿದರು, ಮೊನ್ನೆ ಬಳೆ ತೊಡಿಸೋ ಹೊತ್ತಲ್ಲಿ. ಅವತ್ತು ಒಳಗೆ ಹೋಗಿ ಅತ್ತೆ.

ನೀನು ಹೋದಮೇಲೆ ಅಮ್ಮ ಒಬ್ಬರೇ ಆಗ್ತಾರೆ ಅಂತ ಚಿಂತೆ ಮಾಡ್ತೀಯಲ್ಲ, ಬಿಟ್ಟುಬಿಡು. ಸಂಜೆ ಕಾಫಿ ಹೊತ್ತಿಗೆ ಅವರು ನಿನ್ನ ಹೆಸರು ಹಿಡಿದು ಕರೆದರೂ ನಾನು ಹೂಂ ಅಂತೀನಿ.