ಎ.ಇ.ಎಸ್.ಟಿ. ಹತ್ತು ಗಂಟೆಗೆ ಬಾಗಿಲು ತೆಗೆದ ಅಂಗಡಿಯವರಿಗೆ

ಮಾನ್ಯ ಮಾಲೀಕರೇ,

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಲ್ಲಿ ಒಂದೇ ದಿನ, ಒಂದೇ ಗಳಿಗೆಯಲ್ಲಿ ಹೊಸ ಶಾಖೆ ತೆರೆದ ನಿಮಗೆ ಅಭಿನಂದನೆಗಳು. ಇಷ್ಟು ದೊಡ್ಡ ದೇಶದಲ್ಲಿ ಇಂಥ ಸಾಹಸಕ್ಕೆ ಸರ್ಕಾರವೂ ಕೈಹಾಕುವುದಿಲ್ಲ. ಅಡಿಲೇಡ್ ಶಾಖೆಯ ಮುಂದೆ ಭಾನುವಾರ ನಾನು ಖಾಲಿ ಕೈಚೀಲ ಹಿಡಿದು ನಿಂತಿದ್ದೆ. ಆ ಕೈಚೀಲ ಇನ್ನೂ ಕಾರಿನ ಡಿಕ್ಕಿಯಲ್ಲೇ ಇದೆ. ಸಿಟ್ಟು ಆರುವ ಮೊದಲು ಬರೆದುಬಿಡೋಣ ಎಂದು ಕುಳಿತಿದ್ದೇನೆ.

ನಿಮ್ಮ ಪೋಸ್ಟರ್ ನನ್ನ ಮುಂದಿದೆ. ಮೂರು ಊರಿಗೂ ಒಂದೇ ಪೋಸ್ಟರ್. ಮೇಲೆ ಗಣಪತಿ, ಕೆಳಗೆ ಕಾಂಗರೂ, ನಡುವೆ ದಪ್ಪಕ್ಷರದಲ್ಲಿ ‘ಭವ್ಯ ಪ್ರಾರಂಭ, ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ 10 ಗಂಟೆ ಎ.ಇ.ಎಸ್.ಟಿ.’ ಅದರಡಿ ‘ದಸರಾ ವಿಶೇಷ: ಸೋನಾ ಮಸೂರಿ 5 ಕಿಲೋ, ಬರೀ ಒಂದು ಡಾಲರ್!’ ವಿಜಯದಶಮಿ 2ನೇ ತಾರೀಖೇ ಮುಗಿದಿತ್ತು. ಇರಲಿ, ಬನ್ನಿ ಕೊಡುವವರು ಮೂರು ದಿನ ತಡವಾಗಿ ಬಂದರೂ ನಾವು ಬೇಡ ಅನ್ನುವುದಿಲ್ಲ. ಒಂದು ಡಾಲರಿಗೆ ಅಕ್ಕಿ ಎಂದರೆ ಬಾಗಿಲಲ್ಲೇ ನಿಂತು ಕಾಯುತ್ತೇವೆ.

ತೊಡಕು ಇರುವುದು ಆ ನಾಲ್ಕಕ್ಷರದಲ್ಲಿ. ಎ.ಇ.ಎಸ್.ಟಿ. ಎಂದರೆ ಈ ದೇಶದ ಪೂರ್ವ ಭಾಗದ ಮಾಮೂಲಿ ಸಮಯ, ಗ್ರೀನಿಚ್‌ಗಿಂತ ಹತ್ತು ಗಂಟೆ ಮುಂದೆ. ಬ್ರಿಸ್ಬೇನ್ ವರ್ಷವಿಡೀ ಅದನ್ನೇ ಇಟ್ಟುಕೊಳ್ಳುತ್ತದೆ. ಬೇಸಿಗೆಗೆ ಗಡಿಯಾರ ತಿರುಗಿಸುವ ರಗಳೆ ಬೇಡವೆಂದು ಕ್ವೀನ್ಸ್‌ಲ್ಯಾಂಡಿನ ಜನ 1992ರಲ್ಲಿ ಮತ ಹಾಕಿಯೇ ತೀರ್ಮಾನಿಸಿದ್ದಾರೆ. ಪರ್ತ್ ಇರುವ ರಾಜ್ಯದವರು ಅವರಿಗಿಂತ ಹಟಮಾರಿಗಳು, 1975, 1984, 1992, 2009 ಎಂದು ನಾಲ್ಕು ಸಲ ಒಲ್ಲೆ ಅಂದರು. ಅವರ ಗಡಿಯಾರ ಸದಾ ಬ್ರಿಸ್ಬೇನ್‌ಗಿಂತ ಎರಡು ಗಂಟೆ ಹಿಂದೆ. ನಾವು ಅಡಿಲೇಡಿನವರು ಮಾತ್ರ ಅರ್ಧ ಗಂಟೆಯ ಲೆಕ್ಕದವರು. ಚಳಿಗಾಲದಲ್ಲಿ ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಹಿಂದೆ ಇರುತ್ತೇವೆ. ಅಕ್ಟೋಬರ್ ಮೊದಲ ಭಾನುವಾರ ಬೆಳಗಿನ ಜಾವ ಎರಡಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿದ ಕೂಡಲೇ ಅರ್ಧ ಗಂಟೆ ಮುಂದೆ ಹೋಗುತ್ತೇವೆ.

ನೀವು ಶುಭಾರಂಭಕ್ಕೆ ಆರಿಸಿಕೊಂಡದ್ದು ಅದೇ ಭಾನುವಾರ. ಮುಹೂರ್ತ ಇಟ್ಟುಕೊಟ್ಟ ಪುರೋಹಿತರಿಗೆ ನನ್ನ ನಮಸ್ಕಾರ ತಿಳಿಸಿ.

ಶನಿವಾರ ರಾತ್ರಿಯೇ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಎ.ಇ.ಎಸ್.ಟಿ. ಹತ್ತು ಎಂದರೆ ಅವತ್ತು ಅಡಿಲೇಡಿನಲ್ಲಿ ಹತ್ತೂವರೆ, ಪರ್ತ್‌ನಲ್ಲಿ ಎಂಟು. ಹಿಂದಿನ ದಿನವಾಗಿದ್ದರೆ ನಮ್ಮಲ್ಲಿ ಒಂಬತ್ತೂವರೆ ಆಗುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ನನ್ನಾಕೆಯೂ ಒಮ್ಮೆ ನೋಡಿ ಸರಿ ಅಂದಳು. ಹತ್ತು ಹದಿನೈದಕ್ಕೆ ಅಂಗಡಿ ಮುಂದೆ ಇದ್ದೆ. ಬಾಗಿಲು ಆಗಲೇ ತೆರೆದಿತ್ತು. ನೆಲದ ಮೇಲೆ ಕತ್ತರಿಸಿದ ರಿಬ್ಬನ್ನು, ಒಡೆದ ತೆಂಗಿನಕಾಯಿಯ ನೀರು, ಅದರ ಮೇಲೆ ಯಾರದೋ ಚಪ್ಪಲಿ ಗುರುತು. ಅಕ್ಕಿಯ ಜಾಗದಲ್ಲಿ ಮರದ ಪ್ಯಾಲೆಟ್ಟು, ಹರಿದ ಪ್ಲಾಸ್ಟಿಕ್ ಹಾಳೆ, ಚೆಲ್ಲಿದ ಒಂದು ಹಿಡಿ ಅಕ್ಕಿ. ಒಬ್ಬ ಅಜ್ಜಿ ಮೂರು ಚೀಲ ತುಂಬಿದ ಟ್ರಾಲಿ ತಳ್ಳಿಕೊಂಡು ನನ್ನನ್ನು ನೋಡಿ ನಕ್ಕು ಮುಂದೆ ಹೋದರು.

ಕೌಂಟರಿನ ಹುಡುಗನನ್ನು ಕೇಳಿದೆ, ‘ಹತ್ತು ಗಂಟೆ ಎ.ಇ.ಎಸ್.ಟಿ. ಅಂತ ಹಾಕಿದ್ದೀರಲ್ಲಪ್ಪ?’

‘ಎ.ಇ.ಎಸ್.ಟಿ. ಅಂದ್ರೆ ಇಲ್ಲಿನ ಟೈಮು ಸಾರ್.’

‘ಇಲ್ಲಿನ ಟೈಮಿಗೆ ಬೇರೆ ಹೆಸರಿದೆ ಕಣಪ್ಪ.’

‘ಇರಬಹುದು ಸಾರ್. ಆಫರ್ ಮುಗೀತು.’

ಪರ್ತ್‌ನಲ್ಲಿರುವ ನನ್ನ ಭಾವಮೈದನೂ ನನ್ನ ಹಾಗೆ ಲೆಕ್ಕದವನೇ. ಮಕ್ಕಳನ್ನು ಎಬ್ಬಿಸಿ ಎಂಟಕ್ಕೆ ಸರಿಯಾಗಿ ನಿಮ್ಮ ಅಂಗಡಿ ಮುಂದೆ ಹೋಗಿ ನಿಂತ. ಶಟರ್ ಎಳೆದಿತ್ತು. ಆ ಊರಿನಲ್ಲಿ ಸಾಮಾನ್ಯ ಅಂಗಡಿಗಳಿಗೆ ಭಾನುವಾರ ಹನ್ನೊಂದರಿಂದ ಐದರವರೆಗೆ ಮಾತ್ರ ವ್ಯಾಪಾರ. ಅದಕ್ಕೂ ಅನುಮತಿ ಸಿಕ್ಕಿದ್ದು 2012ರ ಆಗಸ್ಟಿನಲ್ಲಿ. ಸಣ್ಣ ಅಂಗಡಿಗಳಿಗೆ ಆ ನಿರ್ಬಂಧವಿಲ್ಲ, ನಿಜ. ನಿಮ್ಮದು ಸಣ್ಣದೋ ದೊಡ್ಡದೋ ಅವನು ಶಟರ್ ನೋಡಿ ಹೇಗೆ ಹೇಳಬೇಕು? ಎರಡು ಗಂಟೆ ಪಾರ್ಕಿಂಗಿನಲ್ಲಿ ಕಾದ ಮೇಲೆ ಒಬ್ಬ ಬಂದು ಬೀಗ ತೆಗೆದನಂತೆ. ಅವನೂ ಹೇಳಿದನಂತೆ, ‘ಎ.ಇ.ಎಸ್.ಟಿ. ಅಂದ್ರೆ ಇಲ್ಲಿನ ಟೈಮು ಬ್ರದರ್.’ ಇದನ್ನೇನು ಸಿಬ್ಬಂದಿಗೆ ತರಬೇತಿಯಲ್ಲೇ ಹೇಳಿಕೊಡುತ್ತೀರಾ?

ಬ್ರಿಸ್ಬೇನಿನ ಗೆಳೆಯ ಮಾತ್ರ ಹತ್ತಕ್ಕೆ ಹೋದ, ಹತ್ತಕ್ಕೇ ಬಾಗಿಲು ತೆಗೆಯಿತು, ಅಕ್ಕಿ ಸಿಕ್ಕಿತು. ಅದು ನಿಮ್ಮ ಜಾಣತನವಲ್ಲ, ಆ ರಾಜ್ಯದವರು 1992ರಲ್ಲಿ ಹಾಕಿದ ಮತದ ಫಲ.

ಮನೆಗೆ ಬಂದ ಮೇಲೆ ನನಗೆ ಇನ್ನೊಂದು ಗುಮಾನಿ ಬಂತು. ನಿಮ್ಮ ಪೋಸ್ಟರ್ ಮಾಡಿದವರು ಸಿಡ್ನಿ ಅಥವಾ ಮೆಲ್ಬರ್ನ್‌ನಲ್ಲಿ ಕೂತಿರಬೇಕು. ಅಲ್ಲಿನವರಿಗೆ ಬೇಸಿಗೆಯಲ್ಲಿ ತಮ್ಮ ಸಮಯದ ಹೆಸರು ಎ.ಇ.ಡಿ.ಟಿ. ಎಂದು ಬದಲಾಗುತ್ತದೆ ಅನ್ನುವುದು ನೆನಪಿರುವುದಿಲ್ಲ, ವರ್ಷಪೂರ್ತಿ ಎ.ಇ.ಎಸ್.ಟಿ. ಎಂದೇ ಬರೆಯುತ್ತಾರೆ. ಆ ಪ್ರಕಾರ ಹಿಡಿದರೆ ಅಡಿಲೇಡಿನಲ್ಲಿ ಒಂಬತ್ತೂವರೆ. ಅಕ್ಷರ ನಂಬಿದವನಿಗೆ ಹತ್ತೂವರೆ. ನಿಮ್ಮ ಹುಡುಗನಿಗೆ ಹತ್ತು. ಒಂದೇ ಸಾಲಿಗೆ ಮೂರು ಗಂಟೆ ಬಾರಿಸುವ ಅಂಗಡಿ ನಿಮ್ಮದೊಂದೇ. ‘ಅವರವರ ಊರಿನ ಸಮಯ ಬೆಳಿಗ್ಗೆ 10’ ಎಂದು ಬರೆದಿದ್ದರೆ ಶಾಯಿ ಎಷ್ಟು ಖರ್ಚಾಗುತ್ತಿತ್ತು ಸ್ವಾಮಿ?

ಅದರ ಕೆಳಗಿನ ಸಾಲು, ‘ಸೋಮವಾರ ರಜಾ ಧಮಾಕ!’ ಅಡಿಲೇಡಿನಲ್ಲಿ ಆ ಸೋಮವಾರ ಕಾರ್ಮಿಕರ ದಿನ, ಬ್ರಿಸ್ಬೇನಿನಲ್ಲಿ ರಾಜನ ಹುಟ್ಟುಹಬ್ಬ, ಎರಡೂ ಕಡೆ ರಜೆ. ಪರ್ತ್‌ನವರು ರಾಜನ ಹುಟ್ಟುಹಬ್ಬವನ್ನು ಒಂದು ವಾರ ಮೊದಲೇ ಮುಗಿಸಿ ಆ ಸೋಮವಾರ ಕೆಲಸಕ್ಕೆ ಹೊರಟಿದ್ದರು. ನನ್ನ ಭಾವಮೈದ ಆಫೀಸಿನಿಂದಲೇ ನಿಮ್ಮ ಧಮಾಕ ನೋಡಿದ.

ಈಗ ಅಕ್ಕಿ ವಿಚಾರಕ್ಕೆ ಬರುತ್ತೇನೆ. ‘ಸ್ಟಾಕ್ ಇರುವವರೆಗೆ’ ಎಂದು ಸಣ್ಣಕ್ಷರದಲ್ಲಿ ಹಾಕಿದ್ದೀರಿ. ಎಷ್ಟು ಸ್ಟಾಕ್ ಇತ್ತು ಎಂದು ಹುಡುಗನನ್ನು ಕೇಳಿದರೆ ಐವತ್ತು ಚೀಲವಂತೆ. ಹದಿನೈದು ನಿಮಿಷದಲ್ಲಿ ಖಾಲಿ. ಈ ದೇಶದ ಗ್ರಾಹಕ ಕಾನೂನು 2011ರ ಜನವರಿಯಿಂದ ಜಾರಿಯಲ್ಲಿದೆ. ಇಂಥ ಬೆಲೆಗೆ ಕೊಡುತ್ತೇವೆ ಎಂದು ಸಾರಿದ ಮೇಲೆ ಆ ಬೆಲೆಗೆ ನ್ಯಾಯವಾಗಿ ಬೇಕಾಗುವಷ್ಟು ಸರಕನ್ನು ನ್ಯಾಯವಾದಷ್ಟು ಕಾಲ ಇಟ್ಟಿರಬೇಕು ಎನ್ನುತ್ತದೆ ಅದು. ಐವತ್ತೇ ಚೀಲ ಇದ್ದರೆ ‘ಐವತ್ತೇ ಚೀಲ, ಒಬ್ಬರಿಗೆ ಒಂದು’ ಎಂದು ಕಣ್ಣಿಗೆ ಕಾಣುವಂತೆ ಬರೆದುಬಿಟ್ಟರೆ ಯಾರ ತಕರಾರೂ ಇಲ್ಲ, ನಾನೂ ಹಾಸಿಗೆಯಲ್ಲೇ ಇರುತ್ತಿದ್ದೆ. ಒಬ್ಬರಿಗೆ ಒಂದು ಎಂದಿದ್ದರೆ ಆ ಅಜ್ಜಿಯ ಟ್ರಾಲಿಯಲ್ಲಿ ಮೂರು ಇರುತ್ತಿರಲಿಲ್ಲ. ಮುಗಿದಾಗ ಚೀಟಿ ಬರೆದುಕೊಟ್ಟು, ಮುಂದಿನ ಲೋಡು ಬಂದಾಗ ಅದೇ ಬೆಲೆಗೆ ಕೊಡುವ ಪದ್ಧತಿ ಇಲ್ಲಿ ಹಳೆಯದು. ಹುಡುಗನಿಗೆ ಅದನ್ನೂ ಹೇಳಿದೆ. ‘ಮಾಲೀಕರನ್ನ ಕೇಳಿ ಸಾರ್’ ಅಂದ. ಆದ್ದರಿಂದ ಮಾಲೀಕರನ್ನೇ ಕೇಳುತ್ತಿದ್ದೇನೆ.

ಅಕ್ಕಿ ಇಲ್ಲದಿದ್ದರೆ ಹೋಗಲಿ, ಚಿರೋಟಿ ರವೆ, ತೊಗರಿಬೇಳೆಯಾದರೂ ತರೋಣ ಎಂದು ಒಳಗೆ ಹೋದೆ. ಬೇಳೆಯ ಮೇಲೆ ಹಳದಿ ಚೀಟಿ: ‘ಹಿಂದೆ 14.99, ಈಗ 11.99.’ ಹಿಂದೆ ಎಂದರೆ ಯಾವಾಗ? ಅಂಗಡಿಗೆ ಅವತ್ತಿಗೆ ಇಪ್ಪತ್ತೈದು ನಿಮಿಷ ವಯಸ್ಸು. ಆ ಇಪ್ಪತ್ತೈದು ನಿಮಿಷದಲ್ಲಿ ಯಾರು 14.99 ಕೊಟ್ಟರು? ಹಳೆಯ ಬೆಲೆ ತೋರಿಸಬೇಕಾದರೆ ಆ ಬೆಲೆಗೆ ಸಾಕಷ್ಟು ಕಾಲ ನಿಜವಾಗಿ ಮಾರಿರಬೇಕು, ಇಲ್ಲದಿದ್ದರೆ ಅದು ಗಿರಾಕಿಯ ದಾರಿ ತಪ್ಪಿಸಿದ ಹಾಗೆ. ಇನ್ನು ಕಿಲೋಗೆ ಎಷ್ಟು ಬಿತ್ತು ಎಂದು ನಿಮ್ಮಲ್ಲಿ ಎಲ್ಲಿಯೂ ಬರೆದಿಲ್ಲ. ಸಾವಿರ ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್ಟುಗಳಿಗೆ ಮಾತ್ರ ಅದು ಕಡ್ಡಾಯ, ನಿಮಗಲ್ಲ. ಕಡ್ಡಾಯವಲ್ಲದಿದ್ದರೂ ಬರೆಯಬಹುದು, ಪೆನ್ನು ನಾನೇ ಕೊಡುತ್ತೇನೆ. ಎರಡು ಕಿಲೋ ಪ್ಯಾಕೆಟ್ಟಿಗಿಂತ ನಾಲ್ಕು ಕಿಲೋ ಪ್ಯಾಕೆಟ್ಟೇ ತುಟ್ಟಿ ಎಂದು ನಾನು ಅಲ್ಲೇ ನಿಂತು ಫೋನಿನಲ್ಲಿ ಭಾಗಿಸಿ ಕಂಡುಕೊಂಡೆ. ಹಿಂದೆ ಇದ್ದವರು ‘ಎಷ್ಟು ಹೊತ್ತು ಸಾರ್’ ಅಂದರು.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸಿಟಿಯಿಂದ ಇಪ್ಪತ್ತೇ ನಿಮಿಷ, ಮೇನ್ ನಾರ್ತ್ ರೋಡಿನಲ್ಲಿ ನೇರ ಬನ್ನಿ, ಸಿಗ್ನಲ್‌ನಲ್ಲಿ ಯು-ಟರ್ನ್ ಹೊಡೆಯಿರಿ’ ಎಂದಿದ್ದೀರಿ. ಇದು ರಿಂಗ್ ರೋಡ್ ಅಲ್ಲ ಸ್ವಾಮಿ. ಇಲ್ಲಿ ಸಿಗ್ನಲ್‌ನಲ್ಲಿ ಯು-ಟರ್ನ್ ತೆಗೆದುಕೊಳ್ಳಬೇಕಾದರೆ ‘ತೆಗೆದುಕೊಳ್ಳಬಹುದು’ ಎಂಬ ಫಲಕ ಇರಬೇಕು. ನೀವು ಹೇಳಿದ ಸಿಗ್ನಲ್‌ನಲ್ಲಿ ಅದಿಲ್ಲ. ನಿಮ್ಮ ಮಾತು ಕೇಳಿದ್ದರೆ ಒಂದು ಡಾಲರ್ ಅಕ್ಕಿಗೆ ನೂರಾರು ಡಾಲರ್ ದಂಡ ತೆರುತ್ತಿದ್ದೆ. ನಡುವೆ ಡಿವೈಡರ್ ಇದೆ, ಅಂಗಡಿ ಉತ್ತರಕ್ಕೆ ಹೋಗುವವರಿಗೆ ಬಲಗಡೆ ಬೀಳುತ್ತದೆ, ಆದ್ದರಿಂದ ಒಂದು ರಸ್ತೆ ಮೊದಲೇ ಬಲಕ್ಕೆ ತಿರುಗಿ ಹಿಂಬಾಗಿಲ ಪಾರ್ಕಿಂಗಿಗೆ ಬನ್ನಿ: ಇಷ್ಟು ಬರೆದಿದ್ದರೆ ಸಾಕಿತ್ತು. ಯಾವ ಮಗ್ಗುಲು, ಎಲ್ಲಿ ತಿರುಗಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ದಾರಿ ಅಂದರೆ ಅಷ್ಟೇ. ಇಪ್ಪತ್ತು ನಿಮಿಷ ಯಾವ ಟೈಮಿನ ಪ್ರಕಾರ ಎಂದು ಕೇಳಬೇಕೆಂದಿದ್ದೆ. ಉತ್ತರ ಗೊತ್ತು. ಇಲ್ಲಿನ ಟೈಮು ಸಾರ್.

ನಿಜ ಹೇಳಬೇಕೆಂದರೆ ಯು-ಟರ್ನು, ಹಳದಿ ಚೀಟಿ, ಧಮಾಕ ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಒಂದೇ. ಬರೆದದ್ದನ್ನು ಬರೆದ ಹಾಗೆ ಓದಿ ಬಂದವನಿಗೆ ಅಕ್ಕಿ ಇಲ್ಲ, ಓದದೇ ಹತ್ತಕ್ಕೆ ನುಗ್ಗಿದವನಿಗೆ ಮೂರು ಚೀಲ. ನಾಲ್ಕಕ್ಷರ ಹಾಕಿದರೆ ಪೋಸ್ಟರಿಗೆ ಗತ್ತು ಬರುತ್ತದೆ ಎಂದು ಹಾಕಿದ್ದೀರಿ, ಅದರ ಅರ್ಥ ನಿಮಗೇ ಬೇಕಾಗಿಲ್ಲ. ಭಾನುವಾರ ಒಂದೇ ದಿನ ಮಲಗುವ ಜನ ನಾವು, ಅವತ್ತು ಗಡಿಯಾರ ಬೇರೆ ಒಂದು ಗಂಟೆ ನಿದ್ದೆ ಕಿತ್ತುಕೊಂಡಿತ್ತು. ಅದರ ಮೇಲೆ ನಿಮ್ಮ ಹುಡುಗನಿಂದ ಪಾಠ. ಇದಕ್ಕೆ ವ್ಯಂಗ್ಯದ ಅಗತ್ಯವೂ ಇಲ್ಲ. ಇದು ಉಡಾಫೆ.

ಹೊರಡುವಾಗ ಹುಡುಗ ನನ್ನನ್ನು ಸಮಾಧಾನ ಮಾಡಲು ಐದು ಡಾಲರಿನ ವೋಚರ್ ಕೈಗಿಟ್ಟ. ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡಾದರೆ ಮೂರು ವರ್ಷ ಬಾಳಬೇಕು ಎಂದು 2019ರ ನವೆಂಬರಿನಿಂದ ನಿಯಮವಿದೆ. ಪ್ರಚಾರಕ್ಕೆ ಪುಕ್ಕಟೆ ಕೊಟ್ಟದ್ದಕ್ಕೆ ಅದು ಅನ್ವಯಿಸುವುದಿಲ್ಲ, ಆದ್ದರಿಂದ ನೀವು ಎರಡೇ ವಾರ ಕೊಟ್ಟದ್ದು ತಪ್ಪಲ್ಲ. ಅದರ ಹಿಂದೆ ‘ಅಕ್ಟೋಬರ್ 19, ಮಧ್ಯರಾತ್ರಿಯವರೆಗೆ ಮಾನ್ಯ’ ಎಂದಿದೆ, ಪಕ್ಕದಲ್ಲಿ ಅದೇ ನಾಲ್ಕಕ್ಷರ. ನಿಮ್ಮ ಅಂಗಡಿ ರಾತ್ರಿ ಒಂಬತ್ತಕ್ಕೇ ಮುಚ್ಚುತ್ತದೆ. ಮಧ್ಯರಾತ್ರಿ ಯಾರ ಹತ್ತಿರ ಹೋಗಿ ತೋರಿಸಲಿ, ಮತ್ತು ಯಾವ ಊರಿನ ಮಧ್ಯರಾತ್ರಿ? ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಿ. ಅಷ್ಟರೊಳಗೆ ಚಿರೋಟಿ ರವೆ ಬಂದಿದ್ದರೆ ಒಂದು ಪ್ಯಾಕೆಟ್ ತೆಗೆದಿಟ್ಟಿರಿ, ದೀಪಾವಳಿ 20ಕ್ಕೆ.

ಇಂತಿ,
ಅಡಿಲೇಡ್ ಶಾಖೆಯ ಐವತ್ತೊಂದನೆಯ ಗಿರಾಕಿ