ಗಡುವಪ್ಪನವರ ಕ್ಷಮಾಪಣೆ

ನಮ್ಮ ಆಫೀಸಿನ ಡೆಲಿವರಿ ಮ್ಯಾನೇಜರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಟೀಮಿನ ಹುಡುಗರು ಇಟ್ಟ ಹೆಸರು ಗಡುವಪ್ಪ. ಗಡುವು ಮೀರಿದ ಮೇಲೆ ಕ್ಲೈಂಟಿಗೆ ಇ-ಮೇಲ್ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಬೆಂಗಳೂರಿನ ಔಟರ್ ರಿಂಗ್ ರೋಡಿನ ಆ ತುದಿಯಿಂದ ಈ ತುದಿಯವರೆಗೆ ಹುಡುಕಿದರೂ ಸಿಗಲಾರರು. ಐವತ್ತು ದಾಟಿದ ವಯಸ್ಸು, ಕುತ್ತಿಗೆಯಲ್ಲಿ ಸದಾ ಐಡಿ ಕಾರ್ಡು. ಪತ್ರ ಬರೆಯಲು ಕೂರುವ ಮುನ್ನ ಕನ್ನಡಕ ಒರೆಸಿ, ಕಾಫಿ ತರಿಸಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಾ ಟೈಪು ಮಾಡುತ್ತಾರೆ. ಕೇಳುಗರಿಲ್ಲದೆ ಅವರಿಗೆ ವಿಷಾದ ಉಕ್ಕುವುದಿಲ್ಲ.

ಅವರ ಪತ್ರಗಳಲ್ಲಿ ತಪ್ಪು ಮಾಡಿದವರು ಯಾರೂ ಇರುವುದಿಲ್ಲ. ತಪ್ಪುಗಳು ಮಳೆಗಾಲದ ನೆಗಡಿಯ ಹಾಗೆ ತಾವಾಗಿಯೇ ಬರುತ್ತವೆ. ‘ಅನಿರೀಕ್ಷಿತ ತಾಂತ್ರಿಕ ಸವಾಲುಗಳು ಎದುರಾದವು’, ‘ತಂಡ ಹಗಲಿರುಳು ಶ್ರಮಿಸುತ್ತಿದೆ’, ‘ಕೆಲಸ ಶೇ 95ರಷ್ಟು ಪೂರ್ಣಗೊಂಡಿದೆ’. ಈ 95 ಎಲ್ಲಿಂದ ಬಂತೆಂದು ಕೇಳಿದರೆ, ‘ನೂರು ಅಂದರೆ ಡೆಲಿವರಿ ಎಲ್ಲಿ ಅಂತಾರೆ, ತೊಂಬತ್ತು ಅಂದರೆ ಬೈತಾರೆ’ ಎನ್ನುತ್ತಾರೆ. ಹೊರಗೆ ಹಸಿರು, ಒಳಗೆ ಕೆಂಪು ಇರುವ ಇಂಥ ಪ್ರಗತಿ ವರದಿಗೆ ನಮ್ಮ ವಲಯದಲ್ಲಿ ಕಲ್ಲಂಗಡಿ ವರದಿ ಎಂಬ ಹೆಸರೇ ಇದೆ. ಗಡುವಪ್ಪನವರು ಆ ಹಣ್ಣಿನ ಸಗಟು ವ್ಯಾಪಾರಿ.

2025ರ ಸೆಪ್ಟೆಂಬರಿನಲ್ಲಿ ಅವರ ಕೈಗೆ ಸಿಕ್ಕವರು ಅಮೆರಿಕದ ಓಹಾಯೋದಲ್ಲಿ ನಲ್ಲಿ, ಪೈಪು, ವಾಲ್ವು ಮಾರುವ ಒಂದು ಕಂಪನಿ. ಅವರ ಹಳೆಯ ಬಿಲ್ಲಿಂಗ್ ವ್ಯವಸ್ಥೆಯಲ್ಲಿದ್ದ ಗಿರಾಕಿಗಳನ್ನೂ ಬಿಲ್ಲುಗಳನ್ನೂ ಹೊಸದಕ್ಕೆ ಸಾಗಿಸಿಕೊಡುವುದು ನಮ್ಮ ಕೆಲಸ. ಪರೀಕ್ಷೆ ಮಾಡಿದ ಡೇಟಾವನ್ನು 24ರ ಬುಧವಾರ ಒಪ್ಪಿಸಬೇಕು, 29ರ ಸೋಮವಾರ ಹೊಸ ವ್ಯವಸ್ಥೆ ಶುರುವಾಗಬೇಕು. ಮಂಗಳವಾರ ರಾತ್ರಿಯ ಹೊತ್ತಿಗೆ ಎಲ್ಲವೂ ಸರಿ ಇತ್ತು. ಎರಡೂ ಕಡೆ ಬಿಲ್ಲುಗಳ ಸಂಖ್ಯೆ ಒಂದೇ, ಬಾಕಿ ಮೊತ್ತವೂ ಸೆಂಟಿನ ಮಟ್ಟಿಗೆ ತಾಳೆ. ಆದರೆ ನಮ್ಮ ಟೀಮ್ ಲೀಡ್, ಶಿವಮೊಗ್ಗದ ಹುಡುಗಿ, ಯಾವ ಬಾಕಿ ಎಷ್ಟು ದಿನ ಹಳೆಯದು ಎಂಬ ಪಟ್ಟಿಯನ್ನು ತೆಗೆದು ನೋಡಿದಳು. ಹಳೆಯ ವ್ಯವಸ್ಥೆಯಲ್ಲಿ ತೊಂಬತ್ತು ದಿನ ದಾಟಿದ್ದ ಸಾಲಗಾರರು ಹೊಸದರಲ್ಲಿ ಎರಡು ತಿಂಗಳೂ ಆಗದ ಸಭ್ಯರಾಗಿದ್ದರು. ಇನ್ನು ಕೆಲವರು ಬರಲಿರುವ ಡಿಸೆಂಬರ್ 9ರಂದೇ ಪೈಪು ಕೊಂಡು ಹೋಗಿದ್ದರು.

ಕಾರಣ ಸರಳ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ನಾವು ದಿನವನ್ನು. ಅವರ 09/12 ಎಂದರೆ ಸೆಪ್ಟೆಂಬರ್ 12, ನಮ್ಮ ಪ್ರೋಗ್ರಾಂ ಅದನ್ನು ಡಿಸೆಂಬರ್ 9 ಎಂದು ಓದಿತು. 05/25 ಬಂದಾಗ ಇಪ್ಪತ್ತೈದನೆಯ ತಿಂಗಳು ಇಲ್ಲವಲ್ಲ ಎಂದು ಸುಮ್ಮನೆ ತಿರುಗಿಸಿ ಓದಿ, ಸರಿಯಾಗಿಯೇ ಮೇ 25 ಎಂದು ಬರೆದುಕೊಂಡಿತು. ಅನಾಹುತವಾದದ್ದು ಈ ಜಾಣತನದಿಂದಲೇ. ಕೊಂಕು ತೆಗೆದು ನಿಂತಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ದಿನ, ತಿಂಗಳು ಎರಡೂ 12ರೊಳಗಿದ್ದಾಗ ಮಾತ್ರ ಅದು ಸದ್ದಿಲ್ಲದೆ ಅದಲುಬದಲು ಮಾಡಿತ್ತು. ವರ್ಷಕ್ಕೆ ಅಂಥ ದಿನಗಳು 144. ಅದರಲ್ಲಿ 01/01, 02/02ರಂಥ ಹನ್ನೆರಡನ್ನು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳ ಬಿಲ್ಲುಗಳೂ ತಪ್ಪು. ಮೇ 8ರ ಬಿಲ್ಲು ಆಗಸ್ಟ್ 5ರದ್ದಾಗಿ ಮೂರು ತಿಂಗಳು ಪ್ರಾಯ ಕಳೆದುಕೊಂಡಿತ್ತು. ಮೊತ್ತ ಮಾತ್ರ ಒಂದು ಸೆಂಟೂ ಬದಲಾಗಿರಲಿಲ್ಲ, ಆದ್ದರಿಂದ ಮೊತ್ತವನ್ನಷ್ಟೇ ನೋಡಿದವರಿಗೆ ಏನೂ ಕಾಣಲಿಲ್ಲ.

ಬುಧವಾರ ಗಡುವಪ್ಪನವರು ಯಾರಿಗೂ ಏನನ್ನೂ ಬರೆಯಲಿಲ್ಲ. ‘ಅವರಿಗೆ ಸಂಜೆ ಐದಾಗುವಾಗ ನಮಗೆ ಗುರುವಾರ ಬೆಳಗಿನ ಜಾವ ಎರಡೂವರೆ. ಅಲ್ಲಿವರೆಗೂ ಗಡುವು ಮೀರಿಲ್ಲಮ್ಮಾ’ ಎಂದರು. ಭೂಮಿ ಉರುಂಟಾಗಿರುವುದರಿಂದ ಸಿಗುವ ಒಂಬತ್ತೂವರೆ ಗಂಟೆಯನ್ನು ಇಷ್ಟು ಶ್ರದ್ಧೆಯಿಂದ ಬಳಸಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ. ನಿಜ ಹೇಳಬೇಕೆಂದರೆ ಅವರ ಮೂಲ ಯೋಜನೆ ಪತ್ರವನ್ನು ಶುಕ್ರವಾರ ರಾತ್ರಿ ಕಳಿಸುವುದು. ಕ್ಲೈಂಟಿನ ಸಿಟ್ಟು ಶನಿವಾರ, ಭಾನುವಾರ ಮನೆಯವರ ಮೇಲೆ ಖರ್ಚಾಗಿ, ಸೋಮವಾರ ನಮಗೆ ಉಳಿದದ್ದಷ್ಟೇ ಬರುತ್ತದೆ ಎಂಬ ಲೆಕ್ಕ.

‘ಸರ್, ಸೋಮವಾರಕ್ಕೆ ಅವರು ಗೋದಾಮಿನವರಿಗೆಲ್ಲ ಟ್ರೈನಿಂಗ್ ಇಟ್ಕೊಂಡಿದಾರೆ. ಇವತ್ತೇ ಹೇಳಿದ್ರೆ ನಿಲ್ಲಿಸ್ತಾರೆ. ಶುಕ್ರವಾರ ರಾತ್ರಿ ಹೇಳಿದ್ರೆ ಡೇಟಾ ತಪ್ಪಿದ್ದಕ್ಕಲ್ಲ, ಹೇಳದೆ ಇದ್ದಿದ್ದಕ್ಕೆ ಬೈತಾರೆ’ ಎಂದಳು ಹುಡುಗಿ ಗುರುವಾರ ಬೆಳಿಗ್ಗೆ.

ಗಡುವಪ್ಪನವರು ಕನ್ನಡಕ ಒರೆಸಿದರು. ಕಾಫಿ ಬಂತು. ಮೊದಲ ಕರಡಿನಲ್ಲಿ ಕ್ಷಮೆ ನಾಲ್ಕು ಬಾರಿ, ‘ಸವಾಲು’ ಆರು ಬಾರಿ, ದಿನಾಂಕದ ವಿಷಯ ಎಲ್ಲೂ ಇಲ್ಲ. ಪರಿಹಾರವೆಂದರೆ ‘ಇನ್ನೂ ಮೂವರು ಎಂಜಿನಿಯರುಗಳನ್ನು ನಿಯೋಜಿಸಿದ್ದೇವೆ’. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿ ಕೈಸುಟ್ಟುಕೊಂಡ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು ಹೇಳಿದ್ದಾರೆ. ಹೊಸಬರಿಗೆ ಕಲಿಸಬೇಕಾದವರು ಯಾರು? ಈಗ ಕೆಲಸ ಮಾಡುತ್ತಿರುವವರೇ. ಆ ಮೂವರಿಗೆ ಕ್ಲೈಂಟಿನ ಡೇಟಾ ನೋಡಲು ಅನುಮತಿ ಸಿಗುವುದಕ್ಕೇ ಒಂದು ವಾರ ಬೇಕು. ಗಡುವಪ್ಪನವರಿಗೆ ಇದು ಗೊತ್ತಿಲ್ಲ ಎಂದಲ್ಲ. ‘ಮೂರು ಜನ ಅಂತ ಓದಿದರೆ ಅವರಿಗೆ ಧೈರ್ಯ ಬರುತ್ತಮ್ಮಾ’ ಎಂದರು.

‘ದಿನಾಂಕ, ಸರ್?’

ಅವರು ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸಿ, ‘10/10’ ಎಂದರು. ‘ಅವರು ಹೇಗೆ ಓದಿದರೂ ಅಕ್ಟೋಬರ್ ಹತ್ತೇ. ಈ ಸಲ ಗೊಂದಲವೇ ಬೇಡ.’ ಕಲಿತ ಪಾಠವನ್ನು ಇಷ್ಟು ಬೇಗ ಅನ್ವಯಿಸಿದ್ದನ್ನು ನಾವೆಲ್ಲ ಮೆಚ್ಚಿದೆವು. ಆದರೆ ಅದು ಶುಕ್ರವಾರ. ವಾರಾಂತ್ಯದ ಹೊಸ್ತಿಲಲ್ಲಿ ಹೊಸ ವ್ಯವಸ್ಥೆ ಶುರುಮಾಡಿ, ಶನಿವಾರ ಅದು ಕೈಕೊಟ್ಟಾಗ ಫೋನೆತ್ತಲು ಯಾರೂ ಇಲ್ಲದಂತೆ ಮಾಡಿಕೊಳ್ಳುವುದನ್ನು ಅನುಭವಸ್ಥರು ಯಾರೂ ಮಾಡುವುದಿಲ್ಲ.

ಹುಡುಗಿ ಬಿಳಿ ಹಲಗೆಯ ಮೇಲೆ ಕೆಲಸಗಳನ್ನು ಬರೆದು ದಿನ ಕೂಡಿಸತೊಡಗಿದಳು. ಪ್ರೋಗ್ರಾಂ ತಿದ್ದಲು ಎರಡು ದಿನ, ಅಂದರೆ ಶುಕ್ರವಾರ ಮತ್ತು ಸೋಮವಾರ. ಪೂರ್ತಿ ಡೇಟಾವನ್ನು ಮತ್ತೆ ತುಂಬಿಸಿ ನೋಡಲು ಒಂದು ರಾತ್ರಿ, ಅದು 30ರ ಮಂಗಳವಾರ. ಮರುದಿನ ಆಯುಧಪೂಜೆ. ಅದರ ಮರುದಿನ ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ ಬಿದ್ದು, ಇಡೀ ಆಫೀಸು ಒಂದು ರಜೆ ಕಳೆದುಕೊಂಡ ಶೋಕದಲ್ಲಿತ್ತು. ‘ಎರಡು ದಿನ ಹೋಯ್ತು’ ಎಂದರು ಗಡುವಪ್ಪ. ‘ಹೋಗಲ್ಲ ಸರ್. ಓಹಾಯೋದಲ್ಲಿ ಆಯುಧಪೂಜೆ ಇಲ್ಲ. ನಾವು ಲ್ಯಾಪ್‌ಟಾಪಿಗೆ ಕುಂಕುಮ ಇಡೋವಾಗ ಅವರು ಡೇಟಾ ನೋಡಲಿ’ ಎಂದಳು. ಹೀಗೆ ನಮ್ಮ ಹಬ್ಬ ಅವರ ಪರಿಶೀಲನೆಯ ಸಮಯವಾಯಿತು. ಆ ಮುಂದಿನ ವಾರ ತಿದ್ದುಪಡಿಗೂ ಎರಡನೆಯ ಪ್ರಯೋಗಕ್ಕೂ ಮೂರು ದಿನ, ಏನಾದರೂ ಎಡವಟ್ಟಾದರೆ ಇರಲಿ ಎಂದು ಎರಡು ದಿನ ಖಾಲಿ. ಗೋದಾಮು ಮುಚ್ಚುವುದು ಶನಿವಾರ ಸಂಜೆ, ಆದ್ದರಿಂದ ಅಂತಿಮ ಬದಲಾವಣೆ 11, 12ರ ವಾರಾಂತ್ಯದಲ್ಲೇ ಆಗಬೇಕು. 13ರ ಸೋಮವಾರ ಅಲ್ಲಿ ಕೊಲಂಬಸ್ ದಿನ, ಬ್ಯಾಂಕುಗಳಿಗೆ ರಜೆ, ಹಣ ಬಂದದ್ದು ತಾಳೆ ನೋಡಲಾಗದು. ಉಳಿದದ್ದು 14, ಮಂಗಳವಾರ.

‘ಮಂಗಳವಾರವೇ?’ ಎಂದು ಗಡುವಪ್ಪನವರು ಮುಖ ಕಿವುಚಿದರು. ಹುಡುಗಿ ಸುಮ್ಮನಿದ್ದಳು. ಅವರೇ ರಾಹುಕಾಲ ಲೆಕ್ಕ ಹಾಕಿದರು. ಓಹಾಯೋದ ಬೆಳಿಗ್ಗೆ ಎಂಟು ಎಂದರೆ ನಮ್ಮ ಸಂಜೆ ಐದೂವರೆ, ಮಂಗಳವಾರದ ರಾಹುಕಾಲ ಆಗಲೇ ಮುಗಿದಿರುತ್ತದೆ. ಒಪ್ಪಿಗೆ ಸಿಕ್ಕಿತು. ಪತ್ರವನ್ನು ಅವಳೇ ಟೈಪು ಮಾಡಿದಳು. ಇಂಗ್ಲಿಷಿನಲ್ಲಿದ್ದದ್ದರ ಕನ್ನಡ ಹೀಗಾಗುತ್ತದೆ:

‘ನಿನ್ನೆ ಕೊಡಬೇಕಿದ್ದ ಡೇಟಾವನ್ನು ಕೊಡಲಿಲ್ಲ, ನಿನ್ನೆಯೇ ತಿಳಿಸಲೂ ಇಲ್ಲ. ಎರಡಕ್ಕೂ ಕ್ಷಮಿಸಿ. ನಮ್ಮ ಪ್ರೋಗ್ರಾಂ ಕೆಲವು ಬಿಲ್ಲುಗಳ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿದೆ. ಮೊತ್ತಗಳು ಸರಿಯಿವೆ, ಬಾಕಿಯ ವಯಸ್ಸು ತಪ್ಪಾಗಿದೆ. ಸೋಮವಾರ ಹೊಸ ವ್ಯವಸ್ಥೆ ಶುರು ಮಾಡಬೇಡಿ, ಹಳೆಯದರಲ್ಲೇ ಬಿಲ್ಲು ಮಾಡುತ್ತಿರಿ.

‘ಗಿರಾಕಿಗಳ ಮತ್ತು ಸರಕಿನ ಪಟ್ಟಿಗಳಲ್ಲಿ ದಿನಾಂಕಗಳಿಲ್ಲ, ಅವು ಸರಿಯಾಗಿವೆ. ನಾಳೆಯೇ ಕೊಡುತ್ತೇವೆ, ಟ್ರೈನಿಂಗಿಗೆ ಬಳಸಬಹುದು. ತಿದ್ದಿದ ಬಿಲ್ಲುಗಳು ಸೆಪ್ಟೆಂಬರ್ 30ರ ರಾತ್ರಿ ನಿಮ್ಮ ಕೈಯಲ್ಲಿರುತ್ತವೆ. ಅಕ್ಟೋಬರ್ 1ರಿಂದ 3ರವರೆಗೆ ನಿಮ್ಮ ಲೆಕ್ಕಪತ್ರದವರೊಬ್ಬರು 50 ಬಿಲ್ಲುಗಳನ್ನು ಕಾಗದದ ಜೊತೆ ಹೋಲಿಸಿ ನೋಡಬೇಕು. ಅದರಲ್ಲಿ ಕನಿಷ್ಠ 30 ಬಿಲ್ಲುಗಳು ತಿಂಗಳ ಮೊದಲ ಹನ್ನೆರಡು ದಿನಗಳವಾಗಿರಲಿ, ದೋಷ ಇದ್ದರೆ ಅಲ್ಲೇ ಕಾಣುತ್ತದೆ. 1 ಮತ್ತು 2 ನಮಗೆ ಹಬ್ಬದ ರಜೆ, ಆದರೂ ಒಬ್ಬರು ಫೋನಿನಲ್ಲಿರುತ್ತಾರೆ.

‘ಹೊಸ ವ್ಯವಸ್ಥೆ ಶುರುವಾಗುವುದು ಅಕ್ಟೋಬರ್ 14, ಮಂಗಳವಾರ, ನಿಮ್ಮ ಬೆಳಿಗ್ಗೆ 8 ಗಂಟೆಗೆ. ನಿಮ್ಮ ಪರಿಶೀಲನೆ 3ರೊಳಗೆ ಮುಗಿದರೆ ಮಾತ್ರ ಈ ದಿನ ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ಎಂದು 3ರ ಸಂಜೆಯೇ ಬರೆಯುತ್ತೇವೆ.’

ಗಡುವಪ್ಪನವರು ಇದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದರು. ‘ಇದೇನಮ್ಮಾ, ಒಂದು ‘ಹಗಲಿರುಳು’ ಕೂಡ ಇಲ್ಲ’ ಎಂದರು ಕೊನೆಗೆ. ‘ಪ್ರೋಗ್ರಾಂ’ ಮುಂದಿನ ‘ನಮ್ಮ’ವನ್ನಾದರೂ ತೆಗೆಯೋಣವೆಂದು ಚೌಕಾಸಿ ಮಾಡಿದರು. ತೆಗೆದರೆ ಅವರು ತಮ್ಮ ಡೇಟಾದಲ್ಲೇ ದೋಷ ಹುಡುಕುತ್ತಾ ಇನ್ನೆರಡು ದಿನ ಕಳೆಯುತ್ತಾರೆ ಎಂದಾಗ ಬಿಟ್ಟುಕೊಟ್ಟರು. ಸಂಜೆ ಆರೂವರೆಗೆ, ಓಹಾಯೋದಲ್ಲಿ ಕಚೇರಿ ತೆರೆಯುವ ಒಂಬತ್ತಕ್ಕೆ ಸರಿಯಾಗಿ, ಪತ್ರ ಹೋಯಿತು.

ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ಸಂತೋಷವಾಗಿಲ್ಲ, 14 ಆಗಬಹುದು, 1ನೇ ತಾರೀಖು ಫೋನಿನಲ್ಲಿ ಇರುವವರು ಯಾರು ಎಂದಿಷ್ಟೇ. ‘ಯಾರು’ ಎಂಬ ಪ್ರಶ್ನೆ ಬಂದಾಗ ಗಡುವಪ್ಪನವರು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಆಯುಧಪೂಜೆಯ ದಿನ ಮನೆಯಲ್ಲಿ ಮಂಗಳಾರತಿಯ ನಡುವೆ ಓಹಾಯೋಗೆ ಹಲೋ ಎಂದವರು ಅವರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ವ್ಯವಸ್ಥೆ 14ರಂದೇ ಶುರುವಾಯಿತು. ಖಾಲಿ ಬಿಟ್ಟಿದ್ದ ಎರಡು ದಿನಗಳಲ್ಲಿ ಒಂದೂವರೆ ಖರ್ಚಾಗಿದ್ದವು.

ಗಡುವಪ್ಪನವರಿಗೆ ಆ ಪತ್ರ ಎಷ್ಟು ಹಿಡಿಸಿತೆಂದರೆ, ದಿನಾಂಕಗಳನ್ನಷ್ಟೇ ಬದಲಿಸಿಕೊಂಡು ಬಳಸಲು ಅದನ್ನು ಮಾದರಿಯಾಗಿ ಉಳಿಸಿಕೊಂಡರು. ನವೆಂಬರಿನಲ್ಲಿ ಲಂಡನ್ನಿನ ಕ್ಲೈಂಟೊಬ್ಬರ ಗಡುವು ಮೀರಿತು. ಅಲ್ಲಿ ಕೆಟ್ಟದ್ದು ಪಾಸ್‌ವರ್ಡಿನ ಪುಟ. ಇವರು ಮರುದಿನ ಬೆಳಿಗ್ಗೆಯೇ, ಒಂದೂ ‘ಸವಾಲು’ ಇಲ್ಲದೆ, ನೇರವಾಗಿ ಕ್ಷಮೆ ಕೇಳಿ, ದಿನ ಮತ್ತು ತಿಂಗಳು ಅದಲುಬದಲಾದದ್ದಕ್ಕೆ ವಿಷಾದಿಸಿ, ಹಳೆಯ ವ್ಯವಸ್ಥೆಯಲ್ಲೇ ಪೈಪು ಮಾರುತ್ತಿರಬೇಕೆಂದು ಆ ವಿಮಾ ಕಂಪನಿಯನ್ನು ವಿನಂತಿಸಿಕೊಂಡರು. ಸದ್ಯ ಆ ಪತ್ರದ ಬಗ್ಗೆ ಕ್ಷಮೆ ಕೋರುವ ಪತ್ರದ ಕರಡು ನಡೆಯುತ್ತಿದೆ. ಕಾಫಿ ಬಂದಿದೆ, ಪಕ್ಕದಲ್ಲಿ ಕೂರಲು ನನ್ನನ್ನು ಕರೆದಿದ್ದಾರೆ.