ಆರು ಕಿಸೆಯ ಪ್ಯಾಂಟೂ ಗೋಕರ್ಣದ ಬಾಗಿಲೂ

ಹುಬ್ಬಳ್ಳಿ-ಧಾರವಾಡದ ದೇವರುಗಳು ನಮಗೆ ಸಲಿಗೆ ಕೊಟ್ಟು ಕೊಟ್ಟು ಹಾಳು ಮಾಡಿಟ್ಟಿದ್ದಾರೆ. ಶನಿವಾರ ಸಂಜೆ ಆಫೀಸು ಬಿಟ್ಟು ನೇರ ಬೈಕ್ ಹತ್ತಿ, ಇನ್‌ಶರ್ಟ್ ಸಮೇತ ನುಗ್ಗಿಕೇರಿ ಹನುಮಪ್ಪನ ಮುಂದೆ ನಿಂತರೂ ಅವನು ಏನಪಾ ಅನ್ನುವುದಿಲ್ಲ. ಸಿದ್ಧಾರೂಢ ಅಜ್ಜನಂತೂ ಬಂದವರು ಏನು ಉಟ್ಟಿದ್ದಾರೆ ಎಂದು ನೋಡುವ ಪೈಕಿಯೇ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು, ಒಳಗೆ ಹೋದೆವು, ಗದ್ದುಗೆಗೆ ಹಣೆ ಹಚ್ಚಿದೆವು, ಮುಗಿಯಿತು. ಹೀಗೆ ಬೆಳೆದ ಮಂದಿ ಅರಬೈಲು ಘಟ್ಟ ಇಳಿದು ಕರಾವಳಿಯ ದೊಡ್ಡ ದೇವಸ್ಥಾನದ ಬಾಗಿಲಿಗೆ ಹೋಗಿ ನಿಂತಾಗ ನೋಡಬೇಕು ಅವರ ಮಾರಿ!

ನಮ್ಮ ಅಕ್ಕನ ಮಗ ಈ ಜಾತಿಯವನೇ. ಹೋದ ಮಾಘದಲ್ಲಿ ಮದುವೆಯಾದ. ಈಗ ಹೊಸ ಹೆಂಡತಿಯನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಟಿದ್ದಾನೆ. ಜನ್ಮದಲ್ಲಿ ಮೊದಲ ಸಲ.

“ಮಾಮಾ, ನಾಳೆ ನಸಿಕಿನ್ಯಾಗ ಹೊಂಟೀವಿ. ಏನರ ಹೇಳೂದಿದ್ರ ಹೇಳು.”

“ಬಟ್ಟಿ ಏನ್ ಹಾಕ್ಕೊಂಡ್ ಹೊಂಟೀಯಪಾ?”

“ಕಾರ್ಗೋ ಪ್ಯಾಂಟ್. ಆರು ಕಿಸೆ ಅದಾವ ನೋಡು, ಎಲ್ಲಾ ಹಿಡೀತೈತಿ.”

“ಆ ಆರೂ ಕಿಸೆ ಹೊರಗ ಉಳೀತಾವ. ಅಂಗಿ, ಬನಿಯನ್ನೂ ಹೊರಗ. ನೀ ಒಬ್ಬನ ಒಳಗ.”

ಅಳಿಯ ನಕ್ಕ. ನಾನು ನಗಲಿಲ್ಲ. ಮಹಾಬಲೇಶ್ವರನ ಗುಡಿಯಲ್ಲಿ ಗಂಡಸರು ಪಂಚೆ ಉಟ್ಟು, ಅಂಗಿ ಬನಿಯನ್ನು ತೆಗೆದು ಹೋಗಬೇಕು. ಬೇಕಾದರೆ ಹೆಗಲ ಮೇಲೊಂದು ಶಲ್ಯ. ಹೆಂಗಸರಿಗೆ ಸೀರೆ, ಇಲ್ಲವೇ ದುಪ್ಪಟ್ಟಾ ಸಹಿತ ಚೂಡಿದಾರ. ಜೀನ್ಸು, ಚಡ್ಡಿ, ತಲೆಯ ಮೇಲಿನ ಟೊಪ್ಪಿಗೆ ಇವೆಲ್ಲ ಸಮುದ್ರದ ದಂಡೆಗೆ ಸರಿ, ಗುಡಿಗೆ ಅಲ್ಲ. ಗೋಕರ್ಣದಲ್ಲಿ ದಂಡೆಗೂ ಗುಡಿಗೂ ನಡುವೆ ನಾಲ್ಕು ಹೆಜ್ಜೆ. ಹೀಗಾಗಿಯೇ ಅಲ್ಲಿ ಗೊಂದಲ ಹೆಚ್ಚು. ದಂಡೆಯಿಂದ ಎದ್ದವರು ಮೈ ಒರೆಸಿಕೊಳ್ಳದೆ ಗುಡಿಯತ್ತ ತಿರುಗಿಬಿಡುತ್ತಾರೆ. ಸಂಪ್ರದಾಯದ ಪ್ರಕಾರ ಸಮುದ್ರಸ್ನಾನ ಮೊದಲು, ಮಹಾಗಣಪತಿಯ ದರ್ಶನ ಆಮೇಲೆ, ಕೊನೆಗೆ ಮಹಾಬಲೇಶ್ವರ. ಸ್ನಾನಕ್ಕೂ ಗಣಪತಿಗೂ ನಡುವೆ ಬಟ್ಟೆ ಬದಲಿಸುವ ಒಂದು ಕೆಲಸ ಇದೆ ಎಂಬುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ.

“ಪ್ಯಾಂಟಿನ್ಯಾಗ ಹೋದ್ರ ದೇವರಿಗೆ ಏನಾಕೈತಿ ಮಾಮಾ?” ಎಂದ. ದೇವರಿಗೇನೂ ಆಗುವುದಿಲ್ಲ, ನಿನಗೇ ಆಗುತ್ತದೆ ಎಂದೆ. ಅಲ್ಲಿ ಆತ್ಮಲಿಂಗ ನಮ್ಮೂರ ಲಿಂಗದ ಹಾಗೆ ಎದುರಿಗೆ ಎದ್ದು ಕಾಣುವುದಿಲ್ಲ. ಪೀಠದ ನಡುವೆ ಒಂದು ಕಿಂಡಿ, ಅದರೊಳಗೆ ಲಿಂಗ. ಸ್ಪರ್ಶದರ್ಶನವೆಂದರೆ ಕೆಳಗೆ ಕುಳಿತು, ಬಗ್ಗಿ, ಆ ಕಿಂಡಿಯಲ್ಲಿ ಬೆರಳಿಳಿಸಿ ಮುಟ್ಟುವುದು. ನೆಲವೆಲ್ಲ ಅಭಿಷೇಕದ ನೀರು. ಬಿಗಿ ಜೀನ್ಸಿನಲ್ಲಿ ಕೂತರೆ ಮೊಣಕಾಲು ತೊಯ್ದು, ಏಳುವಾಗ ಯಾರಾದರೂ ಕೈ ಹಿಡಿಯಬೇಕು. ಪಂಚೆಯಾದರೆ ಸ್ವಲ್ಪ ಮೇಲೆತ್ತಿ ಕೂತೆ, ಎದ್ದೆ, ಹೊರಟೆ. ಇದು ಶಾಸ್ತ್ರದ ಕಾರಣವಲ್ಲ, ನನ್ನ ಮೊಣಕಾಲಿನ ಕಾರಣ.

ಅಂಗಿ ತೆಗೆಯುವ ವಿಷಯಕ್ಕೆ ಬಂದರೆ ಮಾತು ಬೇರೆ. ಅದು ಮಡಿ ಎನ್ನುವವರಿದ್ದಾರೆ, ದೇವರ ಮುಂದೆ ಠೀವಿ ಬೇಡ ಎನ್ನುವವರಿದ್ದಾರೆ. ಹಾಗೆಯೇ, ಇದು ಜನಿವಾರ ಇದೆಯೋ ಇಲ್ಲವೋ ಎಂದು ನೋಡಲು ಹುಟ್ಟಿದ ಪದ್ಧತಿ ಎನ್ನುವವರೂ ಇದ್ದಾರೆ. ಕೇರಳದ ಶಿವಗಿರಿ ಮಠದ ಸಚ್ಚಿದಾನಂದ ಸ್ವಾಮಿಗಳು 2024ರ ಡಿಸೆಂಬರ್ 31ರಂದು ಇದೇ ಮಾತು ಹೇಳಿ, ಪದ್ಧತಿ ಬಿಡಿ ಎಂದರು. ಅಲ್ಲಿನ ಮುಖ್ಯಮಂತ್ರಿ ಹೌದೆಂದರು, ಬೇರೆ ಕೆಲವರು ಸಿಟ್ಟಾದರು. ನಾರಾಯಣ ಗುರುಗಳ ಪೀಠದಿಂದ ಬಂದ ಮಾತು ಅದು, ಹಗುರಾಗಿ ತಳ್ಳಿಹಾಕುವಂಥದ್ದಲ್ಲ. ನನ್ನನ್ನು ಕೇಳಿದರೆ ವಾದ ಮಾಡಲು ಬೇಕಾದಷ್ಟು ಜಾಗ ಇದೆ, ಸರದಿಯ ತುದಿಯಲ್ಲಿ ಬಾಗಿಲು ಕಾಯುವವನ ಮುಂದೆ ಮಾತ್ರ ಬೇಡ. ಅವನು ನಿಯಮ ಮಾಡಿದವನಲ್ಲ. ನಿನ್ನ ಹಿಂದೆ ನಿಂತ ಇನ್ನೂರು ಮಂದಿಗೆ ನಿನ್ನ ಸಿದ್ಧಾಂತ ಬೇಕಾಗಿಲ್ಲ.

ಇಷ್ಟು ಹೇಳಿ, ಪಂಚೆ ಉಡಲು ಬರುತ್ತದೇನೋ ಎಂದು ಕೇಳಿದೆ. ಅಳಿಯ ಮದುವೆಯಲ್ಲಿ ಉಟ್ಟಿದ್ದು ಅಂಟುಪಟ್ಟಿಯ ರೆಡಿಮೇಡ್ ಪಂಚೆ. ಅವನ ಅಜ್ಜ ಕಚ್ಚೆ ಹಾಕಿದ ಧೋತರದಲ್ಲಿ ಎತ್ತಿನ ಹಿಂದೆ ಓಡಿದವರು, ಮೊಮ್ಮಗ ಪಂಚೆಯಲ್ಲಿ ಮಂಟಪದ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಹಿಡಿದುಕೊಂಡಿದ್ದ. ಅಂಗಡಿಯಲ್ಲಿ ನಾಲ್ಕು ಮೊಳದ್ದೂ ಸಿಗುತ್ತದೆ, ಎಂಟು ಮೊಳದ್ದೂ ಸಿಗುತ್ತದೆ. ಹೊಸಬ ಎಂಟು ಮೊಳದ್ದೇ ತೆಗೆದುಕೊಳ್ಳಬೇಕು. ಮಡಚಿ ಎರಡು ಪದರ ಮಾಡಿ ಉಟ್ಟರೆ ತೊಯ್ದಾಗ ಮೈ ಕಾಣುವುದಿಲ್ಲ, ದಪ್ಪ ಇರುವುದರಿಂದ ಸೊಂಟದಲ್ಲಿ ಕೂತೂ ಕೂರುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಜಾರುತ್ತದೆ, ಹತ್ತಿಯದಕ್ಕೆ ಹಿಡಿತ ಹೆಚ್ಚು. ಹೊಸ ಪಂಚೆಗೆ ಗಂಜಿ ಇರುತ್ತದೆ, ಅದೂ ಜಾರುವುದೇ, ಹಾಗಾಗಿ ಒಮ್ಮೆ ಒಗೆದು ಉಡಬೇಕು. ಅಂಚನ್ನು ಎಡಕ್ಕೆ ಎಳೆದು ಸುತ್ತಿ, ಮೇಲಿನ ತುದಿಯನ್ನು ಹೊರಕ್ಕೆ ಎರಡು ಸುತ್ತು ಮಡಚಿ ಉಡದಾರದ ಕೆಳಗೆ ಸಿಗಿಸಿದರೆ ಸಾಕು.

“ಬೆಲ್ಟ್ ಕಟ್ಟಿದ್ರ ನಡೀತೈತಿ?” ಎಂದ. ಚರ್ಮದ ಬೆಲ್ಟು, ಚರ್ಮದ ಪಾಕೀಟು ಎಷ್ಟೋ ಗುಡಿಗಳಲ್ಲಿ ಒಳಗೆ ಬಿಡುವುದಿಲ್ಲ. “ಉಡದಾರ ಐತಿಲ್ಲೋ?” ಎಂದರೆ ಮಾರಿ ಕೆಳಗೆ ಹಾಕಿದ. ಅವನ ಅತ್ತೆ ಒಳಗಿನಿಂದಲೇ ಕೂಗಿ ಹೇಳಿದಳು: “ಮದವಿ ಆದ ಮರುದಿನಾನ ಕಿತ್ತ ಒಗದಾನಂತ. ಸೊಸಿ ಹೇಳ್ಯಾಳ ನನಗ.”

ಚಪ್ಪಲಿಯ ವಿಷಯ ಸಣ್ಣದು. ಸಾವಿರಾರು ರೂಪಾಯಿಯ ಬೂಟು ಹಾಕಿಕೊಂಡು ಹೋದವನ ಧ್ಯಾನ ಗರ್ಭಗುಡಿಯಲ್ಲಿ ಇರುವುದಿಲ್ಲ, ಚಪ್ಪಲಿ ಸ್ಟ್ಯಾಂಡಿನಲ್ಲೇ ಇರುತ್ತದೆ. ನಮ್ಮ ಕಡೆ ಶನಿವಾರ ಗುಡಿಯಲ್ಲಿ ಚಪ್ಪಲಿ ಕಳೆದರೆ ಶನಿ ಬಿಟ್ಟ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಬೂಟು ಹೋದರೆ ಆ ಸಮಾಧಾನ ಬರುವುದಿಲ್ಲ. ಹಳೇ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗುವುದು, ಟೋಕನ್ ಕೊಡುವ ಕಡೆಯೇ ಬಿಡುವುದು ಒಳ್ಳೆಯದು. ಕಾಲುಚೀಲ ಮಾತ್ರ ಚಪ್ಪಲಿಯ ಜೊತೆಗೇ ಬಿಡಬೇಕು. ತೊಯ್ದ ಕಲ್ಲಿನ ಮೇಲೆ ಕಾಲುಚೀಲದವನು ಬೀಳದೆ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ಮೊಬೈಲು. ಇಲ್ಲಿ ಅಳಿಯ ನಿಜವಾಗಿ ಬೆವತ. “ಸೈಲೆಂಟ್ ಇಟ್ರ ಸಾಕಲ್ಲ?” ಎಂದ. 2023ರ ಜುಲೈನಲ್ಲಿ ನಮ್ಮ ಮುಜರಾಯಿ ಇಲಾಖೆ ತನ್ನ ವ್ಯಾಪ್ತಿಯ ದೇವಸ್ಥಾನಗಳ ಒಳಗೆ ಮೊಬೈಲ್ ಬಳಸಬಾರದೆಂದು ಆದೇಶ ಹೊರಡಿಸಿದೆ. ಅದಕ್ಕೂ ಮೊದಲು, 2022ರ ಡಿಸೆಂಬರಿನಲ್ಲಿ, ಮದ್ರಾಸ್ ಹೈಕೋರ್ಟು ತಮಿಳುನಾಡಿನ ಗುಡಿಗಳಿಗೆ ಇಂಥದೇ ಆದೇಶ ಕೊಟ್ಟಿತ್ತು. ತಿರುಮಲೆಯಲ್ಲಂತೂ ಸರದಿಗೆ ಹೋಗುವ ಮೊದಲೇ ಫೋನನ್ನು ಒಪ್ಪಿಸಿ ಹೋಗಬೇಕು. ಕೆಲವು ಕಡೆ ಬಂದ್ ಮಾಡಿ ಜೇಬಿನಲ್ಲಿಟ್ಟರೆ ಸುಮ್ಮನಿರುತ್ತಾರೆ, ಕೆಲವು ಕಡೆ ಕೌಂಟರಿನಲ್ಲಿ ಕೊಟ್ಟೇ ಹೋಗಬೇಕು. ಆದರೆ ಪಂಚೆ ಉಟ್ಟು ಬರಿಮೈಯಲ್ಲಿ ನಿಂತವನಿಗೆ ಜೇಬೆಲ್ಲಿ? ಇದನ್ನು ಕೇಳಿದ ಮೇಲೆ ಅಳಿಯ ಸುಮ್ಮನಾದ.

ಫೋನ್ ಹೊರಗೆ ಉಳಿದರೆ ಹೋಗುವುದು ಬರೀ ಫೋಟೋ ಅಲ್ಲ. ರೊಕ್ಕವೂ ಹೊರಗೇ ಉಳಿಯುತ್ತದೆ. ಇಡೀ ಹುಬ್ಬಳ್ಳಿ ಮಿರ್ಚಿ-ಗಿರ್ಮಿಟ್ಟಿಗೂ ಸ್ಕ್ಯಾನ್ ಮಾಡಿ ಕೊಡುತ್ತದೆ. ಒಳಗೆ ಸೇವೆಯ ಚೀಟಿ, ಹುಂಡಿ, ಪ್ರಸಾದ ಎದುರಾದಾಗ ಕೈಯಲ್ಲಿ ಏನಿದೆ? ಹತ್ತು, ಐವತ್ತು, ನೂರರ ನೋಟುಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೊಂಕಕ್ಕೆ ಸಿಗಿಸಿಕೊಳ್ಳಬೇಕು. ಪ್ಲಾಸ್ಟಿಕ್ ಏಕೆಂದರೆ ಬೆವರು, ತೀರ್ಥ, ಅಭಿಷೇಕದ ನೀರು. ಸೇವೆಯನ್ನು ಆನ್‌ಲೈನಿನಲ್ಲಿ ಬುಕ್ ಮಾಡಿದ್ದರೆ ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಬೇಕು. ಫೋನನ್ನು ಕೌಂಟರಿನಲ್ಲಿ ಕೊಟ್ಟು, ಫೋನಿನಲ್ಲಿರುವ ಚೀಟಿ ತೋರಿಸುತ್ತೇನೆಂದು ಸರದಿಯ ತುದಿಯಿಂದ ಹಿಂದಕ್ಕೆ ಓಡಿದವರನ್ನು ಕಂಡಿದ್ದೇನೆ. ಕೌಂಟರಿಗೆ ಕೊಡುವ ಮುಂಚೆ ಫೋನನ್ನು ಪೂರ್ತಿ ಬಂದ್ ಮಾಡಬೇಕು. ಬರೀ ಸೈಲೆಂಟ್ ಮಾಡಿದರೆ ಅಲಾರಂ ಕೂಗುತ್ತದೆ, ಪಾಪ ಅಲ್ಲಿ ಕೂತವರು ಅದನ್ನು ಕೇಳುತ್ತಿರಬೇಕು. ಕೈಗಡಿಯಾರವೂ ಈಗ ಫೋನೇ ಆಗಿದೆ. ಅದೂ ಅಲ್ಲಿಯೇ ಉಳಿಯಲಿ.

ಇನ್ನೊಂದು ಮಾತನ್ನು ಸೊಸೆಗೆ ಹೇಳಿದೆ. ಒಳಗೆ ಗಂಡ ಹೆಂಡತಿ ಬೇರೆಬೇರೆಯಾದರೆ “ಎಲ್ಲದೀ?” ಎಂದು ಕೇಳಲು ಫೋನಿಲ್ಲ. ಒಳಗೆ ಹೋಗುವ ಮೊದಲೇ ಹೊರಗೆ ಒಂದು ಗುರುತಿನ ಜಾಗ ಮಾತಾಡಿಕೊಳ್ಳಿ. ಗೋಕರ್ಣದಲ್ಲಾದರೆ ಗಣಪತಿ ಗುಡಿಯ ಮುಂದೆ ಎಂದರೆ ತಪ್ಪುವುದಿಲ್ಲ. ಗಂಡನ ನಂಬರ್ ಬಾಯಿಪಾಠ ಇದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಅವನಿಗೂ ಇವಳದು ಗೊತ್ತಿಲ್ಲ. ಚೀಟಿಯಲ್ಲಿ ಬರೆದುಕೊಂಡು ಆ ಪ್ಲಾಸ್ಟಿಕ್ ಚೀಲದಲ್ಲೇ ಇಡಲು ಹೇಳಿದೆ.

“ಹಂಗಾರ ಫೋಟೋ ಇಲ್ಲಾ?” ಎಂದು ಅಳಿಯನ ಕೊನೆಯ ಗೋಳು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಲ್ಲಿ ಮನಸಾರೆ ತೆಗೆದುಕೊಂಡು ಬೆಳೆದವನು ಅವನು. ಚಾಲುಕ್ಯರ ಕಾಲದ ಆ ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಕಡೆ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ತಕರಾರಿಲ್ಲ, ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುವುದಾದರೆ ಅನುಮತಿ ಬೇಕು. ಅದೇ ಸಲಿಗೆಯನ್ನು ನಿತ್ಯಪೂಜೆಯ ದೊಡ್ಡ ಗುಡಿಯಲ್ಲಿ ಎಣಿಸಬಾರದು. ಗರ್ಭಗುಡಿ, ಒಳ ಪ್ರಾಕಾರ, ಪೂಜೆ ನಡೆದಿರುವಾಗ ಅರ್ಚಕರು, ಇವುಗಳ ಕಡೆಗೆ ಕ್ಯಾಮೆರಾ ತಿರುಗಿಸಲೇಬಾರದು. ರಥಬೀದಿ, ಹೊರಗಿನ ಗೋಪುರ, ಬೀದಿಗೆ ಬಂದ ಉತ್ಸವದ ತೇರು, ಇವಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಅಷ್ಟಕ್ಕೂ ಹಸಿವು ತೀರದಿದ್ದರೆ ದಕ್ಷಿಣಕ್ಕೆ ಹೋಗಿ ಮುರುಡೇಶ್ವರದಲ್ಲಿ ನಿಲ್ಲಲಿ. ಬಯಲಲ್ಲಿ ಕೂತ 123 ಅಡಿಯ ಶಿವ ಇದ್ದಾನೆ, ಹೆಂಡತಿಯ ಜೊತೆ ಅವನನ್ನೂ ಒಂದೇ ಫೋಟೋದಲ್ಲಿ ಹಿಡಿಸಲು ಮಣ್ಣಿನಲ್ಲಿ ಮಲಗಬೇಕಾಗುತ್ತದೆ ಅಷ್ಟೆ.

ಗೋಕರ್ಣದ್ದೇ ನಿಯಮ ಎಲ್ಲ ಕಡೆ ಎಂದು ಹೊರಡಬೇಡಿ. ಧರ್ಮಸ್ಥಳದಲ್ಲಿ, ಹೊರನಾಡಿನಲ್ಲಿಯೂ ಗಂಡಸರು ಅಂಗಿ ತೆಗೆಯಬೇಕು, ಆದರೆ ಹೊರನಾಡಿನಲ್ಲಿ ಹೆಗಲಿಗೆ ಶಲ್ಯವೋ ವಸ್ತ್ರವೋ ಹೊದೆಯುವುದುಂಟು. ಒಂದೇ ಗುಡಿಯಲ್ಲೂ ಹಬ್ಬದ ದಿನ, ವಿಶೇಷ ಸೇವೆಗೆ ಕೂತವರಿಗೆ ಬೇರೆ ನಿಯಮ ಇರುತ್ತದೆ. ಹೋಗುವ ಮುನ್ನಾದಿನ ಆಯಾ ದೇವಸ್ಥಾನದ ಆಫೀಸಿಗೆ ಒಂದು ಫೋನ್ ಮಾಡಿದರೆ ಖಾತ್ರಿ.

ಈ ಹರಟೆ ಓದಿ ನೀವೂ ಘಟ್ಟ ಇಳಿಯುವವರಾದರೆ ಒಂದೇ ಮಾತು ಕೇಳಿ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಪಂಚೆ ಉಟ್ಟು, ಬೆಲ್ಟಿಲ್ಲದೆ ಹತ್ತು ಮೆಟ್ಟಿಲು ಹತ್ತಿ ಇಳಿಯಿರಿ, ನೆಲಕ್ಕೆ ಕೂತು ಬಗ್ಗಿ ಏಳಿರಿ. ಜಾರಿತೋ, ಅಂಗಡಿ ಇನ್ನೂ ತೆರೆದಿರುವಾಗಲೇ ಹೋಗಿ ಒಂದು ಉಡದಾರ ತಗೊಂಡು ಬನ್ನಿ.